ಬಾಲ್ಕನಿಯ ತೋಟವೂ ಸೂರ್ಯನ ನಡೆಯೂ

ಈ ಸಲದ ವಿಚಾರಕ್ಕಾಗಿ ನಮ್ಮ ವಾಚಕರು ಕಳುಹಿಸಿದ ಛಾಯಾಚಿತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿರುವೆವು. ಒಂದು ಹುಣಸೂರಿನದು, ಒಂದು ಪಿರಿಯಾಪಟ್ಟಣದ್ದು, ಒಂದು ಕೃಷ್ಣರಾಜನಗರದ್ದು, ಮತ್ತೊಂದು ಹೆಗ್ಗಡದೇವನಕೋಟೆಯದು. ನಾಲ್ಕೂ ಮೊದಲನೆಯ ಮಹಡಿಯ ಬಾಲ್ಕನಿಗಳೇ. ನಾಲ್ಕರಲ್ಲಿಯೂ ಕುಂಡದ ತೋಟವುಂಟು. ಕಳುಹಿಸಿದವರೆಲ್ಲರ ಪ್ರಶ್ನೆಯೂ ಒಂದೇ: "ಈ ಜೋಡಣೆ ಸರಿಯಾಗಿದೆಯೆ?" ಎಂದು. ಕೃಷ್ಣರಾಜನಗರದ ಸೋದರಿಯವರ ಪತ್ರದಲ್ಲಿ ಮಾತ್ರ ಇನ್ನೊಂದು ಮಾತು ಸೇರಿರುವುದು. ಅವರ ಬಾಲ್ಕನಿಯ ತುಳಸಿಯು ಸತತವಾಗಿ ಎರಡು ವರ್ಷ ಮಳೆಗಾಲದಲ್ಲಿ ಒಣಗಿಹೋಯಿತಂತೆ. ಅತ್ತೆಯವರು ಅದನ್ನು ಅಶುಭವೆಂದು ಮನಸ್ಸಿಗೆ ಹಚ್ಚಿಕೊಂಡು, ಸೊಸೆಯ ಕೈಗುಣವನ್ನೇ ಶಂಕಿಸುವಂತಾಗಿದೆಯಂತೆ. ಗಿಡದ ಮಾತು ಹೀಗೆ ಮನೆಯೊಳಗಿನ ಮಾತಾಗಿ ಪರಿಣಮಿಸಿರುವುದರಿಂದ, ಆ ಚಿತ್ರವನ್ನೇ ನಡುವಿಗಿಟ್ಟುಕೊಂಡು ಉಳಿದ ಮೂರನ್ನು ಅದರೊಡನೆ ಹೋಲಿಸಿ ನೋಡುವೆವು.

ಮೊದಲು ಚಿತ್ರವನ್ನು ಓದುವ ಬಗೆಯನ್ನು ಹೇಳಬೇಕಾಗಿದೆ. ಏಕೆಂದರೆ ಛಾಯಾಚಿತ್ರವು ಎರಡು ವಿಷಯಗಳಲ್ಲಿ ನಮ್ಮನ್ನು ವಂಚಿಸುವುದು. ಮೊದಲನೆಯದು ಬೆಳಕು. ಈಗಿನ ಮೊಬೈಲ್ ಫೋನಿನ ಕ್ಯಾಮೆರಾ ಕತ್ತಲೆಯ ಮೂಲೆಯನ್ನು ತಾನೇ ಬೆಳಗಿಸಿ ತೋರಿಸುತ್ತದೆ. ಗಿಡಕ್ಕೆ ಸಾಲದ ಬೆಳಕೂ ಚಿತ್ರದಲ್ಲಿ ಧಾರಾಳವಾಗಿ ಕಾಣುವುದು. ಆದುದರಿಂದ ಚಿತ್ರವು ಬೆಳ್ಳಗಿದೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಕೂಡದು; ನೆರಳನ್ನು ನೋಡಬೇಕು. ಕುಂಡದ ನೆರಳು ನೆಲದ ಮೇಲೆ ಗೆರೆ ಕೊರೆದಂತೆ ಸ್ಪಷ್ಟವಾಗಿ ಬಿದ್ದಿದ್ದರೆ ಅಲ್ಲಿ ನೇರವಾದ ಬಿಸಿಲುಂಟು. ನೆರಳೇ ಕಾಣದಿದ್ದರೆ, ಚಿತ್ರ ಎಷ್ಟು ಬೆಳಗಿದ್ದರೂ ಆ ಹೊತ್ತಿನಲ್ಲಿ ಅಲ್ಲಿ ಬಿಸಿಲಿಲ್ಲ.

ಎರಡನೆಯದು ಸ್ಥಳ. ಫೋನಿನ ಅಗಲನೋಟದ ಮಸೂರದಿಂದ ತೆಗೆದ ಚಿತ್ರದಲ್ಲಿ ನಾಲ್ಕಡಿಯ ಬಾಲ್ಕನಿಯು ಆರಡಿಯದಾಗಿ ಕಾಣುವುದು. ಇದಕ್ಕೆ ಪರಿಹಾರ ನೆಲದಲ್ಲಿಯೇ ಇದೆ. ಟೈಲ್ಸು ಹಾಸಿದ ನೆಲವಾದರೆ ಒಂದು ಟೈಲ್ಸಿನ ಅಳತೆಯನ್ನು ಕೇಳಿ ತಿಳಿದು, ಗೋಡೆಯಿಂದ ಕಂಬಿಯವರೆಗೆ ಎಷ್ಟು ಟೈಲ್ಸುಗಳಿವೆಯೆಂದು ಎಣಿಸಿದರೆ ನಿಜವಾದ ಅಗಲವು ತಿಳಿಯುವುದು. ನಾವೂ ಈ ನಾಲ್ಕು ಚಿತ್ರಗಳನ್ನು ಹೀಗೆ ಎಣಿಸಿಯೇ ನೋಡಿದೆವು.

ಇನ್ನು, ಚಿತ್ರವು ಎಂದಿಗೂ ಸುಳ್ಳಾಡದ ಒಂದು ಸಾಕ್ಷಿಯುಂಟು; ಅದು ಗಿಡದ ನಿಲುವು. ಬಿಸಿಲು ಸಾಲದ ಗಿಡವು ಬೆಳಕಿನ ಕಡೆಗೆ ವಾಲಿರುತ್ತದೆ. ಅದರ ಎಲೆಗೂ ಎಲೆಗೂ ನಡುವಣ ಗೆಣ್ಣು ಉದ್ದವಾಗಿ, ಕಾಂಡವು ಸಣಕಲಾಗಿ, ಎಲೆಯ ಬಣ್ಣವು ಪೇಲವವಾಗಿರುತ್ತದೆ. ಬಿಸಿಲು ಮಿತಿಮೀರಿದ ಗಿಡದಲ್ಲಾದರೋ ಬಿಸಿಲು ತಾಗುವ ಮಗ್ಗುಲಿನ ಎಲೆಗಳಲ್ಲಿ ಮಾತ್ರ ಬಿಳಿಯ ಅಥವಾ ಕಂದು ಬಣ್ಣದ ಸುಟ್ಟ ಮಚ್ಚೆಗಳು ಏಳುತ್ತವೆ. ಚಿತ್ರ ತೆಗೆದ ಕ್ಷಣದ ಬಿಸಿಲನ್ನು ನೆರಳು ಹೇಳಿದರೆ, ಹಿಂದಿನ ಎರಡು ಮೂರು ತಿಂಗಳ ಬಿಸಿಲನ್ನು ಗಿಡದ ನಿಲುವು ಹೇಳುವುದು.

ಇಷ್ಟು ತಿಳಿದ ಮೇಲೆ ಸೂರ್ಯನ ನಡೆಯನ್ನು ವಿಚಾರಿಸೋಣ. ಇಂಗ್ಲೆಂಡು ಮುಂತಾದ ಉತ್ತರದೇಶಗಳಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳಲ್ಲಿ ದಕ್ಷಿಣಾಭಿಮುಖವಾದ ಬಾಲ್ಕನಿಯೇ ಎಲ್ಲಕ್ಕಿಂತ ಉತ್ತಮವೆಂದು ಹೇಳಿರುವುದು. ಅವರಿಗೆ ಅದು ಸತ್ಯವೇ. ಲಂಡನ್ನಿನಂತಹ ಊರಿನಲ್ಲಿ ನಡುಹಗಲಿನ ಸೂರ್ಯನು ವರ್ಷದ ಒಂದು ದಿನವಾದರೂ ತಪ್ಪದೆ ದಕ್ಷಿಣದಲ್ಲಿಯೇ ಇರುವನು. ನಮ್ಮ ನಾಲ್ಕು ತಾಲ್ಲೂಕುಗಳಾದರೋ ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿಗಳಷ್ಟು ಮಾತ್ರ ಉತ್ತರಕ್ಕಿವೆ. ಆದಕಾರಣ ಇಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯನ್ನು ದಾಟುವನು. ಏಪ್ರಿಲ್ 22ರ ಸುಮಾರಿಗೆ ಒಂದು ಸಲ, ಆಗಸ್ಟ್ 20ರ ಸುಮಾರಿಗೆ ಮತ್ತೊಂದು ಸಲ. ಈ ಎರಡು ದಿನಗಳ ನಡುವಣ ನಾಲ್ಕು ತಿಂಗಳು ಅವನು ಉದಯದಿಂದ ಅಸ್ತದವರೆಗೆ ನಮಗೆ ಉತ್ತರದಲ್ಲಿಯೇ ನಡೆಯುವನು. ಸೆಪ್ಟೆಂಬರ್ 23ರಿಂದ ಮಾರ್ಚ್ 21ರ ವರೆಗಿನ ಆರು ತಿಂಗಳು ದಿನವೆಲ್ಲವೂ ದಕ್ಷಿಣದಲ್ಲಿ ನಡೆಯುವನು. ನಡುವೆ ಉಳಿಯುವ ಒಂದೊಂದು ತಿಂಗಳ ಕಾಲ ಬೆಳಗ್ಗೆ ಸಂಜೆ ಉತ್ತರದಲ್ಲಿಯೂ ನಡುಹಗಲು ದಕ್ಷಿಣದಲ್ಲಿಯೂ ಇರುವನು.

ಇದನ್ನು ಮನೆಯ ಮಕ್ಕಳೂ ಪರೀಕ್ಷಿಸಿ ನೋಡಬಹುದು. ಒಂದಡಿಯ ಕೋಲನ್ನು ತಾರಸಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ, ಡಿಸೆಂಬರ್ 22ರ ನಡುಹಗಲಿನಲ್ಲಿ ಅದರ ನೆರಳು ಎಂಟೂವರೆ ಅಂಗುಲದಷ್ಟು ಉದ್ದವಾಗಿ ಉತ್ತರಕ್ಕೆ ಬೀಳುವುದು. ಜೂನ್ 21ರಂದು ಮೋಡವಿಲ್ಲದಿದ್ದರೆ ಅದೇ ಕೋಲಿನ ನೆರಳು ಎರಡೂಕಾಲು ಅಂಗುಲದಷ್ಟಾಗಿ ದಕ್ಷಿಣಕ್ಕೆ ಬೀಳುವುದು. ನಡುಹಗಲೆಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ. ನಮ್ಮ ಸೀಮೆಯಲ್ಲಿ ಅದು ಸುಮಾರು 12 ಗಂಟೆ 25 ನಿಮಿಷಕ್ಕೆ ಆಗುವುದು. ತಿಂಗಳಿನಿಂದ ತಿಂಗಳಿಗೆ ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುವುದುಂಟು.

ಈಗ ಕೃಷ್ಣರಾಜನಗರದ ಚಿತ್ರವನ್ನು ನೋಡೋಣ. ಬಾಲ್ಕನಿಯು ದಕ್ಷಿಣಾಭಿಮುಖವಾದುದು. ಟೈಲ್ಸುಗಳನ್ನು ಎಣಿಸಲಾಗಿ ಉದ್ದ ಹನ್ನೆರಡಡಿ, ಅಗಲ ನಾಲ್ಕಡಿ. ಮುಂದುಗಡೆ ಮೂರಡಿಯ ಇಟ್ಟಿಗೆಯ ಮೋಟುಗೋಡೆ. ನೆಲದಿಂದ ಒಂಬತ್ತಡಿ ಎತ್ತರದಲ್ಲಿ ಮೇಲ್ಮಹಡಿಯ ಬಾಲ್ಕನಿಯ ತಳವು ಚಾವಣಿಯಂತಿದ್ದು, ಅದರ ಅಂಚು ಈ ಮೋಟುಗೋಡೆಗೆ ನೇರವಾಗಿದೆ. ಚಿತ್ರವು ಡಿಸೆಂಬರ್ ತಿಂಗಳ ನಡುಹಗಲಿನದು. ಒಳಗೋಡೆಗೆ ಆನಿಸಿ ಇಟ್ಟ ತುಳಸಿಯ ಕುಂಡದ ಮೇಲೆ ಚೆಲುವಾದ ಬಿಸಿಲು ಬಿದ್ದಿದೆ. ಮೋಟುಗೋಡೆಯ ಬುಡದಲ್ಲಿ ಕೊತ್ತಂಬರಿ, ಮೆಂತ್ಯ, ಮೆಣಸಿನಗಿಡಗಳು ಸಾಲಾಗಿವೆ. ನೋಡಿದವರು ಇದಕ್ಕಿಂತ ಒಳ್ಳೆಯ ಜೋಡಣೆಯುಂಟೆ ಎನ್ನುವರು.

ಆದರೆ ಲೆಕ್ಕವನ್ನು ಹಾಕಿ ನೋಡಿರಿ. ಡಿಸೆಂಬರ್ ಕಡೆಯ ನಡುಹಗಲಿನಲ್ಲಿ ಬಿಸಿಲಿನ ಕಿರಣವು ಒಂದಡಿ ಒಳಕ್ಕೆ ಬರುವಷ್ಟರಲ್ಲಿ ಸುಮಾರು ಒಂದಡಿ ಐದಂಗುಲ ಕೆಳಕ್ಕಿಳಿಯುವುದು. ಮೋಟುಗೋಡೆಯ ತಲೆಯನ್ನು ಸವರಿ ಬಂದ ಕಿರಣವು ಮೂರಡಿ ಇಳಿದು ನೆಲವನ್ನು ಮುಟ್ಟುವ ವೇಳೆಗೆ ಎರಡಡಿಗೂ ಸ್ವಲ್ಪ ಹೆಚ್ಚಾಗಿ ಒಳಕ್ಕೆ ಬಂದಿರುವುದು. ಎಂದರೆ, ಗೋಡೆಯ ಬುಡದ ಮೊದಲ ಎರಡಡಿಯ ನೆಲವು, ವರ್ಷದಲ್ಲೆಲ್ಲ ಬಿಸಿಲು ಅತ್ಯಂತ ಒಳಕ್ಕೆ ಬರುವ ದಿನದಲ್ಲಿಯೂ ನೆರಳಿನಲ್ಲಿರುವುದು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಹಾಗೆಯೇ ಇದೆ. ಮೆಣಸಿನಗಿಡಗಳು ಉದ್ದುದ್ದನೆಯ ಗೆಣ್ಣು ಬಿಟ್ಟು ಮೋಟುಗೋಡೆಯ ಮೇಲಕ್ಕೆ ತಲೆ ಚಾಚಿವೆ. ಬೀದಿಗೆ ಹತ್ತಿರವಿದ್ದ ಮಾತ್ರಕ್ಕೆ ಬಿಸಿಲಿಗೆ ಹತ್ತಿರವೆಂದಲ್ಲ.

ಮಾರ್ಚ್ 21ರ ನಡುಹಗಲಿನಲ್ಲಿ ಏನಾಗುವುದು? ಆಗ ಸೂರ್ಯನು ಬಹು ಮೇಲಕ್ಕೇರಿರುವನು. ಕಿರಣವು ಒಂದಡಿ ಒಳಕ್ಕೆ ಬರುವಷ್ಟರಲ್ಲಿ ನಾಲ್ಕೂವರೆ ಅಡಿ ಇಳಿಯುವುದು. ಮೇಲ್ಚಾವಣಿಯ ಅಂಚನ್ನು ಸವರಿ ಬಂದ ಕಿರಣವು ಒಂಬತ್ತಡಿ ಇಳಿದು ನೆಲಕ್ಕೆ ಬೀಳುವಾಗ ಒಳಕ್ಕೆ ಬಂದಿರುವುದು ಎರಡಡಿ ಮಾತ್ರ. ಅದರ ಹಿಂದಿರುವುದೆಲ್ಲ ನೆರಳು. ಒಳಗೋಡೆಗೆ ಆನಿಸಿಟ್ಟ ತುಳಸಿಗೆ ಡಿಸೆಂಬರಿನಲ್ಲಿ ಬಿದ್ದ ಬಿಸಿಲು ಮಾರ್ಚಿನ ಹೊತ್ತಿಗೇ ಕೈಬಿಟ್ಟಿತು. ಏಪ್ರಿಲ್ 22 ಕಳೆದ ಮೇಲಂತೂ ಸೂರ್ಯನು ಮನೆಯ ಬೆನ್ನಿನ ಕಡೆಗೆ ಹೋಗುವುದರಿಂದ, ಆಗಸ್ಟ್ 20ರ ವರೆಗೆ ಆ ಬಾಲ್ಕನಿಯ ಯಾವ ಮೂಲೆಗೂ ಒಂದು ಗಳಿಗೆಯ ನೇರವಾದ ಬಿಸಿಲೂ ದೊರೆಯುವುದಿಲ್ಲ.

ತುಳಸಿಯು ಮಳೆಗಾಲದಲ್ಲಿ ಸತ್ತುದರ ಗುಟ್ಟು ಇಲ್ಲಿರುವುದು. ಆದರೆ ಬಿಸಿಲಿಲ್ಲದುದರಿಂದಲೇ ಅದು ಸಾಯಲಿಲ್ಲ. ಬಿಸಿಲಿಲ್ಲದ ಗಿಡಕ್ಕೆ ಮೊದಲಿನಷ್ಟೇ ನೀರನ್ನು ಎರೆದುದರಿಂದ ಸತ್ತಿತು. ಬಿಸಿಲಿನಲ್ಲಿರುವ ಗಿಡವು ಎಲೆಯ ಮೂಲಕ ನೀರನ್ನು ಬಿಸಾಡುತ್ತ ಬೇರಿನಿಂದ ಹೊಸ ನೀರನ್ನು ಸೆಳೆದುಕೊಳ್ಳುವುದು. ನೆರಳಿನಲ್ಲಿ, ಅದರಲ್ಲಿಯೂ ಗಾಳಿಯೇ ತೇವವಾಗಿರುವ ಆಷಾಢ ಶ್ರಾವಣಗಳಲ್ಲಿ, ಅದು ಸೆಳೆಯುವ ನೀರು ಬಹು ಸ್ವಲ್ಪ. ಪೂಜೆಯ ನೀರಾದರೋ ದಿನವೂ ಒಂದು ಚೆಂಬು ಬೀಳುತ್ತಲೇ ಇರುವುದು. ಕುಂಡದ ಮಣ್ಣು ಆರುವುದಕ್ಕೆ ಅವಕಾಶವಿಲ್ಲದೆ, ಬೇರಿಗೆ ಗಾಳಿಯಾಡದೆ, ಬೇರು ಕೊಳೆಯುವುದು. ಇದನ್ನು ಗುರುತಿಸುವುದು ಸುಲಭ. ನೀರು ಸಾಲದೆ ಬಾಡಿದ ತುಳಸಿಯ ಮಣ್ಣು ಒಣಗಿ ಬಿರಿದಿರುತ್ತದೆ. ನೀರೆರೆದರೆ ಸಂಜೆಯೊಳಗಾಗಿ ಎಲೆಗಳು ಮತ್ತೆ ನಿಮಿರುವುವು. ಬೇರು ಕೊಳೆತ ತುಳಸಿಯ ಮಣ್ಣು ಒದ್ದೆಯಾಗಿಯೇ ಇರುತ್ತದೆ. ಕೆಳಗಣ ಎಲೆಗಳು ಮೊದಲು ಹಳದಿಯಾಗಿ ಉದುರುತ್ತವೆ. ಮಣ್ಣಿಗೆ ತಾಗಿದ ಕಾಂಡವು ಕಪ್ಪಗಾಗುತ್ತದೆ. ಮಣ್ಣನ್ನು ಕೆದಕಿದರೆ ಕೆಟ್ಟ ವಾಸನೆ ಬರುತ್ತದೆ. ಸೋದರಿಯವರು ಬರೆದಿರುವ ಲಕ್ಷಣಗಳು ಈ ಎರಡನೆಯವೇ. ಆದುದರಿಂದ ಅವರ ಕೈಗುಣದಲ್ಲಿ ದೋಷವಿಲ್ಲವೆಂದೂ ಸೂರ್ಯನು ಮನೆಯ ಹಿಂದಕ್ಕೆ ಹೋದುದನ್ನು ಯಾರೂ ಗಮನಿಸದೇ ಹೋದುದೇ ಕಾರಣವೆಂದೂ ಅತ್ತೆಯವರಿಗೆ ನಾವು ವಿನಯಪೂರ್ವಕವಾಗಿ ಅರಿಕೆ ಮಾಡುವೆವು.

ಪರಿಹಾರವೇನೆಂದರೆ, ಮೊದಲು ತುಳಸಿಯನ್ನು ಒಳಗೋಡೆಯಿಂದ ಮುಂದಕ್ಕೆ ತರಬೇಕು. ಆದರೆ ನೆಲದ ಮೇಲಲ್ಲ. ಮೋಟುಗೋಡೆಗೆ ಒತ್ತಿದಂತೆ ಒಳಗಡೆಯಲ್ಲಿ ಎರಡಡಿ ಎತ್ತರದ ಗಟ್ಟಿಯಾದ ಕಬ್ಬಿಣದ ಸ್ಟಾಂಡನ್ನು ನಿಲ್ಲಿಸಿ ಅದರ ಮೇಲೆ ಕುಂಡವನ್ನಿಡಬೇಕು. ಆಗ ಗಿಡದ ತಲೆಯು ಗೋಡೆಯ ತಲೆಗೆ ಸಮನಾಗಿ, ಅಥವಾ ಅದಕ್ಕಿಂತ ಮೇಲಾಗಿ ಇರುವುದು. ಲೆಕ್ಕ ಹಾಕಿದರೆ ಆ ಎತ್ತರಕ್ಕೆ ಡಿಸೆಂಬರಿನಲ್ಲಿಯೂ ಮಾರ್ಚಿನಲ್ಲಿಯೂ ನಡುಹಗಲಿನ ಬಿಸಿಲು ದೊರೆಯುವುದು. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ಕುಂಡವನ್ನು ಕದಲಿಸುವ ಕೆಲಸವೇ ಇಲ್ಲ. ಕುಂಡವನ್ನು ಮೋಟುಗೋಡೆಯ ತಲೆಯ ಮೇಲೆ ಮಾತ್ರ ಇಡಕೂಡದು. ಗಾಳಿಗೋ ಬೆಕ್ಕಿನ ಓಡಾಟಕ್ಕೋ ಉರುಳಿ ಬೀದಿಯಲ್ಲಿ ಹೋಗುವವರ ತಲೆಯ ಮೇಲೆ ಬಿದ್ದರೆ ಅನರ್ಥವಾದೀತು. ಸ್ಟಾಂಡನ್ನೂ ತಂತಿಯಿಂದ ಬಿಗಿದಿಡುವುದು ಲೇಸು.

ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯವರೆಗಿನ ನಾಲ್ಕು ತಿಂಗಳಿಗೆ ಎರಡು ತುಳಸಿಗಳನ್ನು ಸಾಕುವುದು ಉತ್ತಮವಾದ ಉಪಾಯ. ಒಂದು ಕುಂಡವು ಬಾಲ್ಕನಿಯಲ್ಲಿ ಪೂಜೆಗೆ ಇರಲಿ. ಮತ್ತೊಂದು ತಾರಸಿಯ ಮೇಲೆ ಬಿಸಿಲಿನಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ಒಂದನ್ನು ಕೆಳಕ್ಕೆ ತಂದು ಇನ್ನೊಂದನ್ನು ಮೇಲಕ್ಕೆ ಕಳುಹಿಸಿದರೆ ಎರಡೂ ಬದುಕುವುವು. ಈ ತಿಂಗಳುಗಳಲ್ಲಿ ಪೂಜೆಗೆ ಒಂದು ಉದ್ಧರಣೆ ನೀರು ಸಾಕು. ಭಕ್ತಿಗೆ ಚೆಂಬಿನ ಅಳತೆಯಿಲ್ಲ. ಬೆರಳನ್ನು ಒಂದಂಗುಲ ಮಣ್ಣಿನೊಳಗೆ ಇಟ್ಟು ನೋಡಿ, ಒಣಗಿದ್ದರೆ ಮಾತ್ರ ಹೆಚ್ಚಿನ ನೀರನ್ನು ಎರೆಯತಕ್ಕದ್ದು. ಮೆಣಸಿನಗಿಡಗಳಿಗೂ ಸ್ಟಾಂಡೇ ಗತಿ. ಅವುಗಳಿಗೆ ದಿನಕ್ಕೆ ಆರು ಗಂಟೆಯ ಬಿಸಿಲು ಬೇಕಾಗಿರುವುದರಿಂದ, ಈ ಬಾಲ್ಕನಿಯಲ್ಲಿ ಅಕ್ಟೋಬರಿನಲ್ಲಿ ನೆಟ್ಟು ಮಾರ್ಚಿನೊಳಗಾಗಿ ಕೊಯ್ದು ಮುಗಿಸಬೇಕು. ಕೊತ್ತಂಬರಿ ಮೆಂತ್ಯಗಳು ಮೂರು ನಾಲ್ಕು ಗಂಟೆಯ ಬಿಸಿಲಿನಲ್ಲಿಯೂ ಬರುವುವು.

ಹೆಗ್ಗಡದೇವನಕೋಟೆಯ ಚಿತ್ರವು ಇದಕ್ಕೆ ಸರಿಯಾದ ಪ್ರತಿರೂಪವಾಗಿದೆ. ಬಾಲ್ಕನಿಯು ಉತ್ತರಾಭಿಮುಖವಾದುದು, ಚಿತ್ರವು ಮೇ ತಿಂಗಳ ಬೆಳಗಿನದು. ನೆಲದ ಮೇಲೆ ಕಂಬಿಯ ನೆರಳು ಓರೆಯಾಗಿ ಬಿದ್ದಿದೆ. ಇಷ್ಟು ಬಿಸಿಲಿರುವಾಗ ಟೊಮೇಟೊ ಬೆಳೆಯಬಹುದಲ್ಲವೆ ಎಂದು ಕಳುಹಿಸಿದ ಮಹನೀಯರು ಕೇಳಿರುವರು. ಬೆಳೆಯಲಾಗದೆಂದೇ ನಮ್ಮ ಉತ್ತರ. ಈ ಬಿಸಿಲು ಅತಿಥಿಯಂತೆ ಬಂದುದು. ಸೆಪ್ಟೆಂಬರ್ 23 ಆದ ಮೇಲೆ ಆರು ತಿಂಗಳು ಮುಖ ತೋರಿಸುವುದಿಲ್ಲ. ಸೂರ್ಯನು ಉತ್ತರದಲ್ಲಿರುವ ತಿಂಗಳುಗಳಲ್ಲಿಯೂ ಮುಂಗಾರು ಆರಂಭವಾದ ಮೇಲೆ ಕೋಟೆಯ ಸೀಮೆಯ ಆಕಾಶದಲ್ಲಿ ಮೋಡವೇ ಹೆಚ್ಚು. ಲೆಕ್ಕದಲ್ಲಿ ದೊರೆತ ಬಿಸಿಲು ಕೈಗೆ ಸಿಕ್ಕುವುದು ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಮಾತ್ರವೆಂದಾಯಿತು.

ಆದರೆ ಉತ್ತರದ ಬಾಲ್ಕನಿಯನ್ನು ನಿಷ್ಪ್ರಯೋಜಕವೆಂದು ಭಾವಿಸಬಾರದು. ಬೆಳಕುಂಟು, ಬಿಸಿಲಿಲ್ಲವೆಂಬ ಸ್ಥಳವನ್ನೇ ಬಯಸುವ ಗಿಡಗಳು ನಮ್ಮ ಮನೆಗಳಿಗೆ ಬೇಕಾದವುಗಳೇ ಆಗಿವೆ. ವೀಳ್ಯದೆಲೆಯ ಬಳ್ಳಿಯು ಇಲ್ಲಿ ಸೊಗಸಾಗಿ ಹಬ್ಬುವುದು. ಒಂದೆಲಗ, ಪುದೀನ, ಜರೀಗಿಡಗಳು ಚೆನ್ನಾಗಿ ಬರುವುವು. ದೊಡ್ಡಪತ್ರೆಯೂ ಸ್ವಲ್ಪ ಉದ್ದಕ್ಕೆ ಬೆಳೆದರೂ ಎಲೆ ಕೊಡುವುದು. ಮೇ ತಿಂಗಳ ಬಿಸಿಲಿಗೆ ವೀಳ್ಯದೆಲೆಯ ಅಂಚು ಕಂದಿದರೆ, ಕುಂಡವನ್ನು ಕಂಬಿಯಿಂದ ಎರಡಡಿ ಹಿಂದಕ್ಕೆ ಸರಿಸಿದರಾಯಿತು. ಒಂಬತ್ತಡಿ ಎತ್ತರದ ಚಾವಣಿಯಿರುವಲ್ಲಿ ಉತ್ತರದ ನಡುಹಗಲಿನ ಬಿಸಿಲು ಜೂನಿನಲ್ಲಿಯೂ ಎರಡಡಿಗಿಂತ ಒಳಕ್ಕೆ ಬರುವುದಿಲ್ಲ.

ಮೂರನೆಯದು ಹುಣಸೂರಿನ ಚಿತ್ರ. ನಾಲ್ಕರಲ್ಲಿ ಇದು ನೋಟಕ್ಕೆ ಅತ್ಯಂತ ಸಾಧಾರಣವಾದುದು. ಪೂರ್ವಾಭಿಮುಖವಾದ, ಮೂರೂವರೆ ಅಡಿ ಅಗಲದ ಬಾಲ್ಕನಿ, ಮೋಟುಗೋಡೆಗೆ ಬದಲಾಗಿ ಕಬ್ಬಿಣದ ಕಂಬಿ, ಕುಂಡಗಳು ಒಂಬತ್ತೇ. ಹಿಂದೆ ಗೋಡೆಯ ಪಕ್ಕದಲ್ಲಿ ಕರಿಬೇವು, ದಾಸವಾಳ. ಮುಂದೆ ಕಂಬಿಯ ಬಳಿ ಕೊತ್ತಂಬರಿ, ಮೆಂತ್ಯ, ಪಾಲಕ್. ನಡುವೆ ತುಳಸಿ ಮಲ್ಲಿಗೆಗಳು. ಬಾಗಿಲಿನಿಂದ ನಲ್ಲಿಯವರೆಗೆ ಒಂದೂವರೆ ಅಡಿಯ ದಾರಿಯನ್ನು ಬರಿದಾಗಿ ಬಿಟ್ಟಿರುವರು. ಬಟ್ಟೆಯ ಹಗ್ಗವು ಒಂದು ಕೊನೆಯಲ್ಲಿ ಮಾತ್ರವಿದ್ದು, ಅದರ ಕೆಳಗೆ ಕುಂಡಗಳಿಲ್ಲ. ನಮ್ಮ ತೀರ್ಮಾನದಲ್ಲಿ ನಾಲ್ಕರಲ್ಲಿ ಇದೇ ಮೇಲಾದ ಜೋಡಣೆ.

ಏತಕ್ಕೆಂದರೆ, ಪೂರ್ವದ ಬಿಸಿಲು ವರ್ಷವಿಡೀ ತಪ್ಪದು. ಸೂರ್ಯನು ಜೂನಿನಲ್ಲಿ ಈಶಾನ್ಯಕ್ಕೂ ಡಿಸೆಂಬರಿನಲ್ಲಿ ಆಗ್ನೇಯಕ್ಕೂ ಸ್ವಲ್ಪ ವಾಲಿ ಹುಟ್ಟಿದರೂ ಬೆಳಗಿನ ಹೊತ್ತು ಪೂರ್ವದ ಬಾಲ್ಕನಿಯ ಎದುರಿನಲ್ಲಿಯೇ ಇರುವನು. ಕಂಬಿಯ ಉಪಕಾರವಂತೂ ಎಣಿಕೆಗೆ ಸಿಕ್ಕುವಂತಹುದು. ಮಾರ್ಚ್ ಸೆಪ್ಟೆಂಬರುಗಳ ಬಿಸಿಲನ್ನು ಲೆಕ್ಕಕ್ಕೆ ಹಿಡಿದರೆ, ಎದುರಿನಲ್ಲಿ ಬೇರೆ ಮನೆಯಿಲ್ಲದಿರುವಾಗ, ಒಳಗೋಡೆಯ ಬುಡದ ಕುಂಡಕ್ಕೆ ಬೆಳಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಕಂಬಿಯ ಸಂದಿನಿಂದ ಬಿಸಿಲು ಬೀಳುವುದು. ಹನ್ನೊಂದರ ಮೇಲೆ ಮೇಲ್ಚಾವಣಿಯು ಅದನ್ನು ತಡೆಯುವುದು. ಕಂಬಿಯ ಸ್ಥಳದಲ್ಲಿ ಮೂರಡಿಯ ಇಟ್ಟಿಗೆಯ ಗೋಡೆಯಿದ್ದಿದ್ದರೆ ಅದೇ ಕುಂಡಕ್ಕೆ ಬಿಸಿಲು ತಾಗುವುದು ಒಂಬತ್ತು ಗಂಟೆ ಹತ್ತು ನಿಮಿಷದ ಮೇಲೆಯೇ. ನಾಲ್ಕೂವರೆ ಗಂಟೆಯ ಬಿಸಿಲು ಎರಡು ಗಂಟೆಗಿಂತಲೂ ಕಡಿಮೆಯಾಗುವುದು. ಹೊಸದಾಗಿ ಮನೆ ಕಟ್ಟುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡುವುದೊಳ್ಳೆಯದು. ಈಗಾಗಲೇ ಗೋಡೆಯಿರುವವರು ಕುಂಡಗಳನ್ನು ಎತ್ತರಿಸಿ ಇಟ್ಟರೆ ಕಳೆದುಹೋದ ಹೊತ್ತಿನ ಬಹುಭಾಗವನ್ನು ಮರಳಿ ಪಡೆಯಬಹುದು.

ಎತ್ತರದ ಗಿಡ ಹಿಂದೆ, ಗಿಡ್ಡನೆಯದು ಮುಂದೆ ಎಂಬ ಕ್ರಮವೂ ಇಲ್ಲಿ ಬಿಸಿಲಿಗೆ ಸರಿಹೊಂದಿದೆ. ಇದರಿಂದ ಮತ್ತೊಂದು ಲಾಭವುಂಟು. ದೊಡ್ಡ ಗಿಡಕ್ಕೆ ದೊಡ್ಡ ಕುಂಡ; ಒಂದಡಿ ಅಗಲದ ಮಣ್ಣಿನ ಕುಂಡವು ನೀರೆರೆದಾಗ ಇಪ್ಪತ್ತೈದು ಕಿಲೋಗ್ರಾಮಿನ ಆಸುಪಾಸಿನಲ್ಲಿ ತೂಗುವುದು. ಬಾಲ್ಕನಿಯ ತಳವು ಮನೆಯ ಗೋಡೆಯಿಂದ ಹೊರಚಾಚಿದ ಹಲಗೆಯಂತಹುದು. ಭಾರವು ಅಂಚಿಗೆ ಹೋದಷ್ಟೂ ಅದರ ಬುಡಕ್ಕೆ ಆಯಾಸ ಹೆಚ್ಚು. ಭಾರವಾದ ಕುಂಡಗಳು ಗೋಡೆಯ ಪಕ್ಕದಲ್ಲಿಯೂ ಹಗುರವಾದವು ಅಂಚಿನಲ್ಲಿಯೂ ಇರುವುದೇ ಯುಕ್ತ. ತಳದಲ್ಲಿ ಬಿರುಕು ಕಾಣಿಸಿದರೆ, ಅಥವಾ ಗಾರೆ ಉದುರಿ ಒಳಗಣ ಕಬ್ಬಿಣದ ಸಲಾಕಿ ತುಕ್ಕು ಹಿಡಿದು ಕಂಡುಬಂದರೆ, ಕುಂಡಗಳನ್ನೆಲ್ಲ ಕೆಳಗಿಳಿಸಿ ತಿಳಿದ ಇಂಜಿನಿಯರಿಗೆ ತೋರಿಸದೆ ಮತ್ತೆ ಇಡತಕ್ಕದ್ದಲ್ಲ.

ಕೊನೆಯದು ಪಿರಿಯಾಪಟ್ಟಣದ ಚಿತ್ರ. ಪಶ್ಚಿಮಾಭಿಮುಖವಾದ ಬಾಲ್ಕನಿ; ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆ. ಕಪ್ಪು ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ನೆಟ್ಟ ಇಪ್ಪತ್ತಕ್ಕೂ ಹೆಚ್ಚು ಗಿಡಗಳು ಕಂಬಿಯಿಂದ ಬಾಗಿಲವರೆಗೆ ತುಂಬಿವೆ. ಬಿಸಿಲಿಗೇನೋ ಕೊರತೆಯಿಲ್ಲ. ಆದರೆ ಪಾಲಕ್ ಸೊಪ್ಪಿನ ಎಲೆಗಳಲ್ಲಿ ಬೀದಿಯ ಮಗ್ಗುಲಿಗೆ ಮಾತ್ರ ಬಿಳಿಯ ಮಚ್ಚೆಗಳಿವೆ. ಗಂಟೆಗಳ ಲೆಕ್ಕದಲ್ಲಿ ಪೂರ್ವದ ಬಿಸಿಲೂ ಪಶ್ಚಿಮದ ಬಿಸಿಲೂ ಸಮನಾದರೂ ಗುಣದಲ್ಲಿ ಸಮನಲ್ಲ. ಬೆಳಗಿನ ಬಿಸಿಲು ರಾತ್ರಿಯ ತಂಪಿನ ಮೇಲೆ ಬೀಳುವುದು. ಸಂಜೆಯ ಬಿಸಿಲು ಆಗಲೇ ಕಾದಿರುವ ಗೋಡೆ, ನೆಲ, ಗಾಳಿಗಳ ಮೇಲೆ ಬೀಳುವುದು. ಕಪ್ಪು ಚೀಲವು ಆ ಕಾವನ್ನೆಲ್ಲ ಹೀರಿ ಬೇರಿಗೆ ಮುಟ್ಟಿಸುವುದು.

ಇಲ್ಲಿ ಮಾಡಬೇಕಾದುದು ಗಿಡಗಳ ಸ್ಥಳವನ್ನು ಅದಲುಬದಲು ಮಾಡುವುದು. ಪೂರ್ವದಲ್ಲಿ ಗಿಡ್ಡನೆಯವು ಮುಂದೆ ಎಂದೆವು. ಪಶ್ಚಿಮದಲ್ಲಿ ಕಾವನ್ನು ತಡೆಯಬಲ್ಲ ಗಟ್ಟಿ ಗಿಡಗಳೇ ಮುಂದಿರಬೇಕು. ದಾಸವಾಳ, ಕಾಗದದ ಹೂವಿನ ಗಿಡ, ಲೋಳೆಸರ ಇವು ಕಂಬಿಯ ಪಕ್ಕದಲ್ಲಿದ್ದರೆ ಅವುಗಳ ನೆರಳಿನಲ್ಲಿ ಸೊಪ್ಪಿನ ಗಿಡಗಳು ಬದುಕುವುವು. ಭಾರದ ದೃಷ್ಟಿಯಿಂದ ಮುಂದಿನ ಗಿಡಗಳಿಗೆ ನಡುತರದ ಕುಂಡಗಳನ್ನೇ ಉಪಯೋಗಿಸಿ ಅವುಗಳ ಸಂಖ್ಯೆಯನ್ನು ಮೂರು ನಾಲ್ಕಕ್ಕೆ ಮಿತಗೊಳಿಸಬೇಕು. ಕಪ್ಪು ಚೀಲಗಳ ಹೊರಗೆ ಹಳೆಯ ಗೋಣಿಯನ್ನು ಸುತ್ತಿದರೆ ಕಾವು ತಗ್ಗುವುದು.

ಪಿರಿಯಾಪಟ್ಟಣವು ಕೊಡಗಿನ ಸೆರಗಿನಲ್ಲಿರುವ ಸೀಮೆ. ಮುಂಗಾರಿನ ಮಳೆಯು ನೈಋತ್ಯದ ಗಾಳಿಯೊಡನೆ ಬರುವುದರಿಂದ ಪಶ್ಚಿಮದ ಬಾಲ್ಕನಿಗೆ ಇರಚಲು ಹೊಡೆಯುವುದು ಸಹಜ. ಆದಕಾರಣ ಜೂನ್ ಹುಟ್ಟುತ್ತಲೇ ಕುಂಡಗಳ ಕೆಳಗಣ ತಟ್ಟೆಗಳನ್ನು ತೆಗೆದಿಡತಕ್ಕದ್ದು. ನೀರು ನಿಂತ ತಟ್ಟೆಯು ಬೇರನ್ನು ಕೊಳೆಸುವುದಲ್ಲದೆ, ಡೆಂಗೀ ಜ್ವರವನ್ನು ಹರಡುವ ಸೊಳ್ಳೆಗಳಿಗೆ ತವರಾಗುವುದು. ಬೇಸಗೆಯಲ್ಲಿ ತಟ್ಟೆಯಿಡುವವರೂ ವಾರಕ್ಕೊಮ್ಮೆಯಾದರೂ ಅದನ್ನು ಚೆಲ್ಲಿ ಉಜ್ಜಿ ತೊಳೆಯಬೇಕು. ಅಷ್ಟೇ ಅಲ್ಲ, ಈ ಚಿತ್ರದಲ್ಲಿ ನೀರು ಹೋಗುವ ಬಚ್ಚಲ ಕಂಡಿಯ ಬಾಯಿಗೆ ಎರಡು ಚೀಲಗಳು ಅಡ್ಡವಾಗಿ ಕುಳಿತಿವೆ. ಒಂದು ರಾತ್ರಿಯ ಮಳೆಗೆ ನೀರು ಹೊಸ್ತಿಲನ್ನು ದಾಟಿ ಕೋಣೆಗೆ ಬಂದೀತು. ಇಪ್ಪತ್ತು ಗಿಡಗಳಲ್ಲಿ ಎಂಟನ್ನು ನೆರೆಹೊರೆಯವರಿಗೆ ಕೊಟ್ಟು, ನಡೆಯುವ ದಾರಿಯನ್ನೂ ಕಂಡಿಯನ್ನೂ ಬಿಡಿಸಿಕೊಳ್ಳುವುದು ಸೂಕ್ತ. ಕೈ ನಿಲುಕದ ಗಿಡಕ್ಕೆ ನೀರು ನಿಲುಕದು. ಹುಳು ಬಿದ್ದುದೂ ಕಣ್ಣಿಗೆ ಬೀಳದು.

ಇನ್ನು ಮುಂದೆ ಚಿತ್ರವನ್ನು ಕಳುಹಿಸತಕ್ಕವರಲ್ಲಿ ನಮ್ಮದೊಂದು ಬಿನ್ನಹ. ಒಂದೇ ಚಿತ್ರದಿಂದ ತೋಟವನ್ನು ಅಳೆಯಲಾಗದು. ಒಂದೇ ಸ್ಥಳದಲ್ಲಿ ನಿಂತು ಬೆಳಗ್ಗೆ ಒಂಬತ್ತಕ್ಕೆ, ಹನ್ನೆರಡೂವರೆಗೆ ಮತ್ತು ಸಂಜೆ ನಾಲ್ಕಕ್ಕೆ ಮೂರು ಚಿತ್ರಗಳನ್ನು ತೆಗೆಯಿರಿ. ಬಾಲ್ಕನಿಯ ಮುಖ ಯಾವ ದಿಕ್ಕಿಗೆಂಬುದನ್ನು ಫೋನಿನ ದಿಕ್ಸೂಚಿಯಿಂದ ನೋಡಿ ಬರೆಯಿರಿ. ತಾರೀಖನ್ನೂ ಗಂಟೆಯನ್ನೂ ಕೈಯಿಂದಲೇ ಬರೆದು ತಿಳಿಸಿರಿ; ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರದೊಡನೆ ಆ ವಿವರಗಳು ಬರುವುದಿಲ್ಲ. ನೆಲದ ಮೇಲೆ ಬಿಸಿಲಿನ ಅಂಚನ್ನು ಆ ಮೂರು ವೇಳೆಗಳಲ್ಲಿ ಸೀಮೆಸುಣ್ಣದಿಂದ ಗುರುತಿಸಿದರೆ ಇನ್ನೂ ಉತ್ತಮ. ಇದನ್ನೇ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ 21ರ ಆಸುಪಾಸಿನಲ್ಲಿ ಒಂದೊಂದು ಸಲ ಮಾಡಿದರೆ, ಹನ್ನೆರಡು ಚಿತ್ರಗಳಲ್ಲಿ ನಿಮ್ಮ ಬಾಲ್ಕನಿಯ ಇಡೀ ವರ್ಷದ ಪಂಚಾಂಗವು ಕೈಗೆ ಬರುವುದು. ಪಂಚಾಂಗದ ಮಕರ ಸಂಕ್ರಾಂತಿಯು ಜನವರಿಯ ನಡುವೆ ಬಂದರೂ, ಸೂರ್ಯನ ಬಿಸಿಲು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೇ ಎಂಬುದು ನೆನಪಿರಲಿ.

ಜೂನಿನ ದಿನ ಮೋಡ ಕವಿದಿದ್ದರೆ ಚಿಂತೆಯಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಬಿಸಿಲು ಕಂಡ ದಿನ ತೆಗೆದುದೂ ಹೆಚ್ಚು ಕಡಿಮೆ ಅದನ್ನೇ ಹೇಳುವುದು. ಎದುರುಮನೆಯು ಒಂದು ಮಹಡಿ ಎದ್ದರೆ ಮಾತ್ರ ಹಳೆಯ ಚಿತ್ರಗಳನ್ನು ನಂಬಕೂಡದು. ಆ ವರ್ಷ ಹೊಸದಾಗಿ ಗುರುತು ಹಾಕಬೇಕು. ಗುರುತುಗಳಾದ ಮೇಲೆಯೇ ಕುಂಡವನ್ನು ಕೊಳ್ಳುವ ವಿಚಾರ. ಕೃಷ್ಣರಾಜನಗರದ ಸೋದರಿಯವರು ಏಪ್ರಿಲ್ ಕೊನೆಯೊಳಗಾಗಿ ಎರಡನೆಯ ತುಳಸಿಯ ಬೀಜವನ್ನು ಬಿತ್ತಿಕೊಳ್ಳಲಿ. ಮಳೆ ಹಿಡಿಯುವ ವೇಳೆಗೆ ಸಸಿಯು ತಾರಸಿಯಲ್ಲಿ ಗೇಣುದ್ದವಾದರೂ ನಿಂತಿರುವುದು.